ಕ್ಯಾಂಟೀನ್ ಬಾಡಿಗೆ ಕೇಳುವ ಮೊದಲು ಅನ್ನಕ್ಕೆ ಎಷ್ಟು ಹೊತ್ತಿಗೆ ಇಡುತ್ತೀರಿ ಎಂದು ಕೇಳಿ: ಶಾಲೆಯ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು

ಮಾನ್ಯರೇ,

ನಿಮ್ಮ ಶಾಲೆಯ ಕ್ಯಾಂಟೀನ್ ನಡೆಸಲು ಮುಂದಿನ ಶೈಕ್ಷಣಿಕ ವರ್ಷಕ್ಕೆ ಅರ್ಜಿ ಕರೆದಿದ್ದೀರಿ. ಅರ್ಜಿಯ ಮೊದಲ ಕಲಂನಲ್ಲೇ ‘ತಿಂಗಳಿಗೆ ಎಷ್ಟು ಬಾಡಿಗೆ ಕೊಡಬಲ್ಲಿರಿ’ ಎಂದಿದೆ. ನಾವು ಆ ಕಲಂ ಖಾಲಿ ಬಿಟ್ಟಿದ್ದೇವೆ. ಯಾಕೆಂದು ತಿಳಿಸಲು ಈ ಪತ್ರ. ಮಕ್ಕಳ ತಂದೆ ತಾಯಂದಿರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇವೆ. ದುಡ್ಡು ಕೊಡುವವರು ಅವರು, ಸಂಜೆ ಮಗು ಹೊಟ್ಟೆ ಹಿಡಿದುಕೊಂಡರೆ ಆಸ್ಪತ್ರೆಗೆ ಓಡುವವರೂ ಅವರೇ.

ನೀವು ಕೊಟ್ಟ ವಿವರದ ಪ್ರಕಾರ ಶಾಲೆಯಲ್ಲಿ ಸುಮಾರು 900 ಮಕ್ಕಳು. ಹೆಚ್ಚಿನವರು ಡಬ್ಬಿ ತರುತ್ತಾರೆ. ಬೆಳಗಿನ 10.30ರ ಸಣ್ಣ ಬ್ರೇಕಿಗೆ 250 ಪ್ಲೇಟು, 12.40ರ ಊಟಕ್ಕೆ 300 ಪ್ಲೇಟು ಹೋಗಬಹುದು ಎಂದು ಅಂದಾಜು ಮಾಡಿದ್ದೇವೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಹೋಟೆಲಿಗೂ ಶಾಲೆಯ ಕ್ಯಾಂಟೀನಿಗೂ ಇರುವ ವ್ಯತ್ಯಾಸ ರುಚಿಯದಲ್ಲ, ಹೊತ್ತಿನದು. ಹೋಟೆಲಿನಲ್ಲಿ ಗಿರಾಕಿ ಬೆಳಗಿನಿಂದ ರಾತ್ರಿಯವರೆಗೆ ಒಬ್ಬೊಬ್ಬರಾಗಿ ಬರುತ್ತಾರೆ. ಇಲ್ಲಿ ಬೆಲ್ ಹೊಡೆದ ಮೂರು ನಿಮಿಷಕ್ಕೆ 250 ಮಕ್ಕಳು ಕಿಟಕಿಯ ಮುಂದೆ ನಿಂತಿರುತ್ತಾರೆ, ಇನ್ನು ಹದಿನೇಳು ನಿಮಿಷಕ್ಕೆ ತಿಂದು ಕೈ ತೊಳೆದು ತರಗತಿ ಸೇರಿರಬೇಕು. ಈ ಗಡಿಬಿಡಿ ತಪ್ಪಿಸಲು ಅಡುಗೆಯವರು ಸಾಮಾನ್ಯವಾಗಿ ಮಾಡುವುದು ಒಂದೇ: ಎಲ್ಲವನ್ನೂ ಬೆಳಿಗ್ಗೆ ಏಳಕ್ಕೇ ಮಾಡಿಟ್ಟುಬಿಡುವುದು. ಶಾಲಾ ಕ್ಯಾಂಟೀನಿನ ಬಹುಪಾಲು ತೊಂದರೆ ಹುಟ್ಟುವುದು ಅಲ್ಲಿಂದ. ಆದ್ದರಿಂದ ನಮ್ಮ ಮೆನು, ಶುಚಿತ್ವದ ನಿಯಮ, ದರ ಮೂರನ್ನೂ ಒಂದೇ ಪ್ರಶ್ನೆಯಿಂದ ಕಟ್ಟಿದ್ದೇವೆ: ಒಲೆಯಿಂದ ಇಳಿದ ಅಡುಗೆ ಎಷ್ಟು ಹೊತ್ತಿನಲ್ಲಿ ತಟ್ಟೆ ಸೇರುತ್ತದೆ?

ಚಿತ್ರಾನ್ನದ ಒಂದು ಬೆಳಗು

ಇದು ಯಾಕಿಷ್ಟು ಮುಖ್ಯ ಎನ್ನುವುದಕ್ಕೆ ಬೆಂಗಳೂರಿನ ಎಲ್ಲ ಕ್ಯಾಂಟೀನುಗಳ ಬೋರ್ಡಿನಲ್ಲೂ ಇರುವ ಚಿತ್ರಾನ್ನವನ್ನೇ ನೋಡೋಣ. ವಾಡಿಕೆಯ ಕ್ರಮ ಹೀಗಿರುತ್ತದೆ: ಏಳಕ್ಕೆ 25 ಕೆಜಿ ಅಕ್ಕಿ ಬೇಯಿಸಿ, ಉದುರುದುರಾಗಲಿ ಎಂದು ದೊಡ್ಡ ತಟ್ಟೆಗಳಲ್ಲಿ ಹರಡುತ್ತಾರೆ. ಒಂಬತ್ತಕ್ಕೆ ಗೊಜ್ಜು ಕಲಸುತ್ತಾರೆ. ಮೇಲೊಂದು ಬಟ್ಟೆ ಮುಚ್ಚಿಡುತ್ತಾರೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬಡಿಸುತ್ತಾರೆ. ಅನ್ನ ಹತ್ತಿರ ಹತ್ತಿರ ಆರು ಗಂಟೆ ಉಗುರುಬೆಚ್ಚಗೆ ಕೂತಿದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಅವು ಅನ್ನ ಕುದಿಯುವಾಗ ಸಾಯುವುದಿಲ್ಲ. 5 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಅನ್ನ ಗಂಟೆಗಟ್ಟಲೆ ಇದ್ದರೆ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷವನ್ನು ಮತ್ತೆ ಬಿಸಿ ಮಾಡಿದರೂ ಕಳೆಯಲಾಗದು. ಅನ್ನ ಹಳಸಿದ ವಾಸನೆ ಬರುವುದಿಲ್ಲ, ಲೋಳೆಯೂ ಆಗಿರುವುದಿಲ್ಲ, ರುಚಿಯೂ ಕೆಟ್ಟಿರುವುದಿಲ್ಲ. ಮೂಗಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ. ತಿಂದು ಒಂದರಿಂದ ಆರು ಗಂಟೆಯೊಳಗೆ, ಎಂದರೆ ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲೋ ಸ್ಕೂಲ್ ವ್ಯಾನಿನಲ್ಲೋ, ವಾಂತಿ ಶುರುವಾಗುತ್ತದೆ. ನಿಂಬೆಹುಳಿ ಇದೆಯಲ್ಲ, ಕೆಡುವುದಿಲ್ಲ ಎನ್ನುವವರಿದ್ದಾರೆ. ಹುಳಿ ಎಲ್ಲ ಅಗುಳಿಗೂ ಒಂದೇ ಸಮ ಹಿಡಿಯುವುದಿಲ್ಲ. ಮೇಲಾಗಿ ಗೊಜ್ಜು ಕಲಸುವ ಮೊದಲೇ ಎರಡು ಗಂಟೆ ಕಳೆದಿರುತ್ತದೆ.

ನಮ್ಮ ಕ್ರಮದಲ್ಲಿ ಅಕ್ಕಿಗೆ ನೀರಿಡುವುದೇ 10.45ಕ್ಕೆ. 11.30ಕ್ಕೆ ಅನ್ನ ಇಳಿಯುತ್ತದೆ. ಎರಡು ಬೆರಳಗಲಕ್ಕಿಂತ ದಪ್ಪವಾಗದಂತೆ ಹರಡಿ, ಇಪ್ಪತ್ತು ನಿಮಿಷ ಆರಿಸಿ, ಅಷ್ಟರಲ್ಲಿ ಸಿದ್ಧವಾಗಿರುವ ಗೊಜ್ಜು ಕಲಸುತ್ತೇವೆ. 12.40ಕ್ಕೆ ಬಡಿಸಲು ಶುರು, 1.20ಕ್ಕೆ ಮುಗಿಯಿತು. ಒಲೆಯಿಂದ ಇಳಿದು ಎರಡು ಗಂಟೆ ದಾಟುವ ಮೊದಲೇ ಕೊನೆಯ ಪ್ಲೇಟು ಹೋಗಿರುತ್ತದೆ. ಉಳಿದದ್ದು ಹಸಿಕಸದ ಡ್ರಮ್ಮಿಗೆ. ಸಂಜೆಯ ಟ್ಯೂಷನ್ ಮಕ್ಕಳಿಗೂ ಇಲ್ಲ, ಸಿಬ್ಬಂದಿ ಮನೆಗೂ ಇಲ್ಲ. ಇಷ್ಟು ತಡವಾಗಿ ಬೇಯಿಸಿದರೆ ಅನ್ನ ಮುದ್ದೆಯಾಗುತ್ತದೆ ಎನ್ನುವ ಭಟ್ಟರಿಗೆ ಉತ್ತರ ಅಕ್ಕಿಯಲ್ಲಿದೆ: ವರ್ಷ ಹಳೆಯದಾದ ಸೋನಾ ಮಸೂರಿ ತಂದು ನೀರು ಸ್ವಲ್ಪ ಬಿಗಿ ಹಿಡಿದರೆ ಬಿಸಿಯಲ್ಲೇ ಉದುರಾಗಿರುತ್ತದೆ. ಹೊಸ ಅಕ್ಕಿ ಕೆಜಿಗೆ ನಾಲ್ಕೈದು ರೂಪಾಯಿ ಅಗ್ಗಕ್ಕೆ ಸಿಗುತ್ತದೆ ಎಂದು ತಂದವರು ಬೆಳಿಗ್ಗೆ ಏಳಕ್ಕೆ ಬೇಯಿಸಿ ಆರಿಸಲೇಬೇಕಾಗುತ್ತದೆ.

ಅದೇ ದಿನದ ಕೋಸಂಬರಿಗೂ ಒಂದು ಮಾತು. ಅದು ಬೇಯಿಸದ ತಿಂಡಿ, ಹಾಗಾಗಿ ಅನ್ನಕ್ಕಿಂತ ಹೆಚ್ಚಿನ ಜಾಗ್ರತೆ ಬೇಕು. ಹೆಸರುಬೇಳೆಯನ್ನು ರಾತ್ರಿಯಿಡೀ ನೆನೆಸುವುದಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಒಂದೇ ಗಂಟೆ ನೆನೆಸಿ, ಬಸಿದು, ಬಡಿಸುವ ಅರ್ಧ ಗಂಟೆ ಮುಂಚೆ ಕಲಸುತ್ತೇವೆ. ಸೌತೆಕಾಯಿ, ಕ್ಯಾರೆಟ್, ಕೊತ್ತಂಬರಿಯನ್ನು ಮಣ್ಣು ಹೋಗುವಂತೆ ತೊಳೆದ ಮೇಲೆ, ಆಹಾರಕ್ಕೆ ಬಳಸಬಹುದಾದ ಕ್ಲೋರಿನ್ ದ್ರಾವಣದಲ್ಲಿ ಐದು ನಿಮಿಷ ಮುಳುಗಿಸಿ, ಮತ್ತೆ ಕುಡಿಯುವ ನೀರಿನಲ್ಲಿ ಜಾಲಿಸುತ್ತೇವೆ. ಐದು ಪರ್ಸೆಂಟಿನ ದ್ರಾವಣವಾದರೆ ಲೀಟರ್ ನೀರಿಗೆ ಒಂದು ಮಿಲಿ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಶುಚಿ ಹೆಚ್ಚುವುದಿಲ್ಲ, ಸೌತೆಕಾಯಿಗೆ ಈಜುಕೊಳದ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಕೊತ್ತಂಬರಿ ಕೆಸರು ಹೊತ್ತು ಬಂದ ದಿನ ಕೋಸಂಬರಿ ಕೈಬಿಟ್ಟು ಬೇಯಿಸಿದ ಉಸಲಿ ಕೊಡುತ್ತೇವೆ.

ಮೆನುವಿನಲ್ಲಿ ಏನಿದೆ, ಏನಿಲ್ಲ

ದಿನಕ್ಕೆ ಬೆಳಿಗ್ಗೆ ಒಂದು ತಿಂಡಿ, ಮಧ್ಯಾಹ್ನ ಒಂದು ಊಟ. ಅಷ್ಟೇ. ಹನ್ನೆರಡು ಐಟಮ್ಮಿನ ಬೋರ್ಡು ನೋಡಲು ಚಂದ, ಆದರೆ ಪ್ರತಿ ಐಟಮ್ಮೂ ಸ್ವಲ್ಪ ಸ್ವಲ್ಪ ಉಳಿಯುತ್ತದೆ, ಉಳಿದದ್ದು ಮರುದಿನ ಬೇರೆ ಹೆಸರಿನಲ್ಲಿ ಬರುತ್ತದೆ.

ಸೋಮವಾರ ಬೆಳಿಗ್ಗೆ ಇಡ್ಲಿ, ಚಟ್ನಿ, ಸಾಂಬಾರು. ಮಧ್ಯಾಹ್ನ ಬಿಸಿಬೇಳೆಭಾತ್, ಸೌತೆಕಾಯಿ ಮೊಸರುಬಜ್ಜಿ. ಮಂಗಳವಾರ ತರಕಾರಿ ಹಾಕಿದ ಬನ್ಸಿ ರವೆ ಉಪ್ಪಿಟ್ಟು. ಮಧ್ಯಾಹ್ನ ಚಪಾತಿ, ಸಾಗು. ಬುಧವಾರ ಒಗ್ಗರಣೆ ಅವಲಕ್ಕಿ. ಮಧ್ಯಾಹ್ನ ಚಿತ್ರಾನ್ನ, ಕೋಸಂಬರಿ. ಗುರುವಾರ ಮತ್ತೆ ಇಡ್ಲಿ. ಮಧ್ಯಾಹ್ನ ಸಣ್ಣ ರಾಗಿಮುದ್ದೆ, ಅನ್ನ, ಸೊಪ್ಪಿನ ಬಸ್ಸಾರು, ಪಲ್ಯ. ಶುಕ್ರವಾರ ಶಾವಿಗೆ ಉಪ್ಪಿಟ್ಟು. ಮಧ್ಯಾಹ್ನ ಮೆಂತ್ಯದ ಭಾತ್, ರಾಯಿತ. ಶನಿವಾರ ಅರ್ಧ ದಿನವಾದ್ದರಿಂದ ಕಾಳಿನ ಉಸಲಿ, ಏಲಕ್ಕಿ ಬಾಳೆಹಣ್ಣು. ಮುದ್ದೆಯ ದಿನ ಮೊದಲ ತಿಂಗಳು ಅರ್ಧ ಮಕ್ಕಳು ಅನ್ನವನ್ನಷ್ಟೇ ಕೇಳುತ್ತಾರೆ. ಅದು ಗೊತ್ತಿದ್ದೇ ಇಟ್ಟಿದ್ದೇವೆ. ಅಗಿಯದೆ ನುಂಗುವುದನ್ನು ಪಕ್ಕದವನನ್ನು ನೋಡಿ ಕಲಿಯುತ್ತಾರೆ.

ಮಸಾಲೆ ದೋಸೆ ಯಾಕಿಲ್ಲ ಎಂದು ಎಲ್ಲ ಪಾಲಕರ ಸಭೆಯಲ್ಲೂ ಕೇಳುತ್ತಾರೆ. ದೊಡ್ಡ ಹಂಚಿನಲ್ಲಿ ಒಂದು ಸಲಕ್ಕೆ ಎಂಟು ದೋಸೆ, ಒಂದು ಸುತ್ತಿಗೆ ನಾಲ್ಕೈದು ನಿಮಿಷ. ಇಪ್ಪತ್ತು ನಿಮಿಷದ ಬ್ರೇಕಿನಲ್ಲಿ ನಲವತ್ತು ದೋಸೆ ಆಯಿತು. ಉಳಿದ 210 ಮಕ್ಕಳು ಕಿಟಕಿ ನೋಡಿಕೊಂಡು ವಾಪಸ್ಸು. ಮುಂಚೆಯೇ ಹೊಯ್ದಿಟ್ಟರೆ ಅದು ದೋಸೆಯಲ್ಲ, ಚರ್ಮ. ಇಡ್ಲಿಯಾದರೆ 120 ಕುಳಿಯ ಎರಡು ಸ್ಟೀಮರ್ ಇಟ್ಟು, ಹನ್ನೆರಡು ನಿಮಿಷಕ್ಕೊಂದು ಸುತ್ತಿನಂತೆ ಒಂಬತ್ತೂವರೆಗೆ ಶುರು ಮಾಡಿದರೆ 10.20ಕ್ಕೆ 500 ಇಡ್ಲಿ ಹಬೆಯಾಡುತ್ತಿರುತ್ತದೆ.

ಇಡ್ಲಿ ಕೈಕೊಡುವುದು ಡಿಸೆಂಬರ್, ಜನವರಿಯಲ್ಲಿ. ಬೆಂಗಳೂರಿನ ಚಳಿಗೆ ಹಿಟ್ಟು ಎಂಟು ಗಂಟೆಯಲ್ಲಿ ಉಬ್ಬುವುದಿಲ್ಲ, ಹನ್ನೆರಡಕ್ಕೂ ಮೇಲೆ ಬೇಕು. ಕಾಯಲಾರದವರು ಬೆಳಿಗ್ಗೆ ಸೋಡಾ ಸುರಿಯುತ್ತಾರೆ. ಗುರುತಿಸುವುದು ಕಷ್ಟವಲ್ಲ: ಸೋಡಾ ಹೆಚ್ಚಾದ ಇಡ್ಲಿ ಸ್ವಲ್ಪ ಹಳದಿಗೆ ತಿರುಗಿರುತ್ತದೆ, ಮುರಿದರೆ ಸೋಪಿನ ಘಾಟು, ಬಾಯಲ್ಲಿ ಹುಳಿಯೇ ಇರುವುದಿಲ್ಲ. ಆ ಎರಡು ತಿಂಗಳು ನಾವು ಹಿಂದಿನ ಮಧ್ಯಾಹ್ನ ಮೂರಕ್ಕೇ ರುಬ್ಬಿ, ಹಿಟ್ಟಿನ ಪಾತ್ರೆಯನ್ನು ಒಲೆಯ ಬಿಸಿ ಉಳಿದಿರುವ ಅಡುಗೆಮನೆಯೊಳಗೇ ಇಡುತ್ತೇವೆ. ಬೆಳಿಗ್ಗೆ ಹಿಟ್ಟು ಏಳದಿದ್ದರೆ ಅಂದು ಉಪ್ಪಿಟ್ಟು.

ಎಣ್ಣೆಯಲ್ಲಿ ಕರಿದದ್ದು ಒಂದೂ ಇಲ್ಲ. ಪಫ್ಸ್, ಚಿಪ್ಸ್, ಕೋಲಾ ಇಲ್ಲ. ಇದು ನಮ್ಮ ಮಡಿವಂತಿಕೆಯಲ್ಲ. ಎಫ್‌ಎಸ್‌ಎಸ್‌ಎಐ 2020ರಲ್ಲಿ ಹೊರಡಿಸಿದ ಶಾಲಾ ಆಹಾರ ನಿಯಮಗಳ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಗೇಟಿನಾಚೆಯ ಗಾಡಿಗಳ ವಿಷಯ ನಿಮ್ಮ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಕರಿಯುವುದನ್ನು ಬಿಟ್ಟರೆ ಇನ್ನೊಂದು ಅನುಕೂಲ: ಬಾಣಲೆಯಲ್ಲಿ ಉಳಿದ ಎಣ್ಣೆ ಎಂಬುದೇ ಇರುವುದಿಲ್ಲ, ನಾಳೆ ಒಗ್ಗರಣೆಗೆ ಅದೇ ಬಂತೇ ಎಂದು ಯಾರೂ ಕಾವಲು ಕಾಯಬೇಕಿಲ್ಲ.

ಅವಲಕ್ಕಿ, ಚಿತ್ರಾನ್ನ ಎರಡಕ್ಕೂ ಕಡಲೆಕಾಯಿ ಬೀಜ ಬೀಳುತ್ತದೆ. ಕೆಲವು ಮಕ್ಕಳಿಗೆ ಅದು ಆಗುವುದಿಲ್ಲ. ಬೀಜವನ್ನು ಬೇರೆ ಬಾಣಲೆಯಲ್ಲಿ ಹುರಿದು, ಬೇರೆ ಪಾತ್ರೆ ಬೇರೆ ಚಮಚದಲ್ಲಿ ಕೊನೆಗೆ ಕೇಳಿ ಉದುರಿಸುತ್ತೇವೆ. ಅಂಥ ಮಕ್ಕಳ ಪಟ್ಟಿ ಜೂನ್ ಮೊದಲ ವಾರದಲ್ಲೇ ಶಾಲೆಯಿಂದ ನಮಗೆ ಬರಬೇಕು.

ಒಂದು ಸೋಮವಾರದ ಬಿಸಿಬೇಳೆಭಾತ್

8.45ಕ್ಕೆ ತರಗತಿಯ ಲೀಡರುಗಳು ಟೋಕನ್ ಎಣಿಕೆ ತಂದುಕೊಡುತ್ತಾರೆ. 300 ಎಂದಿಟ್ಟುಕೊಳ್ಳಿ. ಒಂದನೇ ತರಗತಿಯ ಮಗುವಿಗೆ 200 ಗ್ರಾಂ ಸಾಕು, ಒಂಬತ್ತನೆಯವರಿಗೆ 350 ಬೇಕು, ಸರಾಸರಿ 300. ಎರಡನೇ ಸಲ ಕೇಳಿದರೆ ಬಡಿಸುತ್ತೇವೆ, ಅದಕ್ಕೆ ದುಡ್ಡಿಲ್ಲ. ಒಟ್ಟು 90 ಕೆಜಿ ಭಾತ್ ಬೇಕು. ಅದಕ್ಕೆ 12 ಕೆಜಿ ಅಕ್ಕಿ, 6 ಕೆಜಿ ತೊಗರಿಬೇಳೆ, 15 ಕೆಜಿ ತರಕಾರಿ, 3 ಕೆಜಿ ಎಣ್ಣೆ, 1 ಕೆಜಿ ತುಪ್ಪ, 2 ಕೆಜಿ ಭಾತ್ ಪುಡಿ, 1.2 ಕೆಜಿ ಹುಣಸೆಹಣ್ಣು, ಸುಮಾರು 55 ಲೀಟರ್ ನೀರು.

ಬೇಳೆ ಒಂಬತ್ತೂವರೆಗೆ ಒಲೆಗೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ತೆರೆದ ಕೊಪ್ಪರಿಗೆಯಲ್ಲಿ ಬೇಳೆ ತಡ ಮಾಡುತ್ತದೆ. ಮುಂಚೆ ಅರ್ಧ ಗಂಟೆ ನೆನೆಸಿದ್ದರೆ ಹೊತ್ತು ಉಳಿಯುತ್ತದೆ. ಅಕ್ಕಿ, ತರಕಾರಿ ಸೇರಿ ಬೆಂದು, ಹುಳಿ ಪುಡಿ ಕುದಿದು, ಒಗ್ಗರಣೆ ಬೀಳುವಾಗ 12.05. ಅಲ್ಲಿಂದ ದಪ್ಪ ತಳದ ಸ್ಟೀಲ್ ಹಾಟ್‌ಕೇಸಿಗೆ. 12.30ಕ್ಕೆ ಪಾತ್ರೆಯ ನಡುವಿಗೆ ಥರ್ಮಾಮೀಟರ್ ಕಡ್ಡಿ ಇಳಿಸಿ ಓದುತ್ತೇವೆ. 60 ಡಿಗ್ರಿಗಿಂತ ಮೇಲಿರಬೇಕು. ಸಾಮಾನ್ಯವಾಗಿ 80ರ ಆಸುಪಾಸು ಇರುತ್ತದೆ. ಆ ಅಂಕಿ, ಹೊತ್ತು, ಓದಿದವರ ಸಹಿ ಕಿಟಕಿಯ ಪಕ್ಕದ ಪುಸ್ತಕದಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಥರ್ಮಾಮೀಟರನ್ನು ವಾರಕ್ಕೊಮ್ಮೆ ಐಸ್ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ನೋಡುತ್ತೇವೆ. ಕುದಿಯುವ ನೀರಿನಲ್ಲಿ 100 ತೋರಿಸಲಿಲ್ಲ ಎಂದು ಎಸೆಯಬೇಡಿ. ಈ ಊರಿನಲ್ಲಿ 97 ತೋರಿಸಿದರೇ ಅದು ಸರಿಯಾಗಿದೆ.

ಈ ಭಾತ್ ಕೆಡುವ ಗಳಿಗೆ ಬೇರೆಯೇ ಇದೆ. ನಿಂತಷ್ಟೂ ಅಗುಳು ನೀರು ಕುಡಿದು ಗಟ್ಟಿಯಾಗುತ್ತದೆ. ಒಂದು ಗಂಟೆಯ ಹೊತ್ತಿಗೆ ಸೌಟು ನೆಟ್ಟಗೆ ನಿಲ್ಲುತ್ತದೆ. ಆಗ ಬಡಿಸುವವರು ಪಕ್ಕದ ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು ಸುರಿದು ತಿರುವಿಬಿಡುತ್ತಾರೆ. ಇಂಥ ಒಂದೊಂದು ಚೊಂಬಿಗೂ ಭಾತಿನ ಬಿಸಿ 60ರ ಕಡೆಗೆ ಇಳಿಯುತ್ತದೆ, ಜೊತೆಗೆ ಟ್ಯಾಂಕರ್ ನೀರೋ ಬೋರ್ ನೀರೋ ಕುದಿಯದೆ ಮಗುವಿನ ತಟ್ಟೆಗೆ ಹೋಯಿತು. ಅದಕ್ಕೆ 10 ಲೀಟರ್ ತೆಳು ಬೇಳೆಕಟ್ಟನ್ನು ಪಕ್ಕದ ಒಲೆಯಲ್ಲಿ ಕುದಿಯುತ್ತಲೇ ಇಟ್ಟಿರುತ್ತೇವೆ. ಸಡಿಲಿಸುವುದು ಅದರಿಂದಲೇ. ಬಡಿಸುವ ಕಟ್ಟೆಯ ಕೈಗೆಟುಕುವಂತೆ ನಲ್ಲಿ ಇರಲೇಬಾರದು ಎಂದು ನಕ್ಷೆಯಲ್ಲೂ ಕೇಳಿದ್ದೇವೆ.

ಮೊಸರು ಹನ್ನೆರಡರವರೆಗೆ 5 ಡಿಗ್ರಿಯ ಫ್ರಿಜ್ಜಿನಲ್ಲಿರುತ್ತದೆ. ಬಜ್ಜಿ ಕಲಸುವುದು 12.20ಕ್ಕೆ. ಪ್ರತಿ ಅಡುಗೆಯಿಂದಲೂ ನೂರು ಗ್ರಾಮಿನಷ್ಟನ್ನು ಕುದಿನೀರಿನಲ್ಲಿ ತೊಳೆದ ಡಬ್ಬಿಗೆ ತೆಗೆದು, ತಾರೀಖು ಬರೆದು, ಮೂರು ದಿನ ಫ್ರಿಜ್ಜಿನಲ್ಲಿಡುತ್ತೇವೆ. ಯಾರಿಗಾದರೂ ತೊಂದರೆಯಾದರೆ ಪರೀಕ್ಷೆಗೆ ಕಳಿಸಲು ಏನಾದರೂ ಇರಬೇಕಲ್ಲ. 12.30ಕ್ಕೆ ಒಬ್ಬ ಶಿಕ್ಷಕರು ಬಂದು ರುಚಿ ನೋಡಿ ಸಹಿ ಹಾಕಬೇಕು. ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಈ ಪದ್ಧತಿ ಇದೆ, ಖಾಸಗಿ ಶಾಲೆ ಅದನ್ನು ಬಿಡಲು ಕಾರಣ ಕಾಣುವುದಿಲ್ಲ.

ಕೈ, ಬಟ್ಟೆ, ತಟ್ಟೆ

ಅಡುಗೆಯವರ ವರ್ಷದ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ, ಎಫ್‌ಎಸ್‌ಎಸ್‌ಎಐ ಪರವಾನಗಿ ಇವೆಲ್ಲ ಕಾಗದ. ಕೊಡುತ್ತೇವೆ, ಗೋಡೆಗೂ ಹಾಕುತ್ತೇವೆ. ಕಾಗದದಲ್ಲಿ ಕಾಣದ ಮೂರು ಸಂಗತಿ ಇವೆ.

ಮೊದಲನೆಯದು ಕೈಗವಸು. ಪ್ಲಾಸ್ಟಿಕ್ ಗ್ಲೌಸ್ ಹಾಕಿದವರನ್ನು ಕಂಡರೆ ಪಾಲಕರಿಗೆ ಸಮಾಧಾನ. ಅದೇ ಗ್ಲೌಸ್ ಚಿಲ್ಲರೆ ಎಣಿಸುತ್ತದೆ, ಬೆವರು ಒರೆಸುತ್ತದೆ, ಇಡ್ಲಿ ಎತ್ತುತ್ತದೆ. ಬರಿಗೈಯಾದರೆ ಅಂಟಿದ್ದು ಗೊತ್ತಾಗಿ ತೊಳೆಯುತ್ತಾರೆ. ನಾವು ಗ್ಲೌಸ್ ಬದಲು ಸೌಟು, ಚಿಮಟ ಬಳಸುತ್ತೇವೆ, ಮತ್ತು ದುಡ್ಡು ಮುಟ್ಟಿದ ಕೈ ಊಟ ಮುಟ್ಟುವುದಿಲ್ಲ. ಕೈಯಲ್ಲಿ ಕೀವಾದ ಗಾಯವಿದ್ದವರಿಗೆ ಅಂದು ಅಡುಗೆ ಕೆಲಸವಿಲ್ಲ, ಸಂಬಳ ಕಡಿತವೂ ಇಲ್ಲ. ಸಂಬಳ ಕಡಿದರೆ ಗಾಯ ಮುಚ್ಚಿಟ್ಟುಕೊಂಡು ಬರುತ್ತಾರೆ, ಅಷ್ಟೇ.

ಎರಡನೆಯದು ಒರೆಸುವ ಬಟ್ಟೆ. ಅಡುಗೆಮನೆಯಲ್ಲಿ ಅತಿ ಕೊಳಕು ವಸ್ತು ಅದು. ಕಟ್ಟೆಗೊಂದು ಬಣ್ಣ, ನೆಲಕ್ಕೊಂದು ಬಣ್ಣ, ತಟ್ಟೆಗೆ ಬಟ್ಟೆಯೇ ಇಲ್ಲ. ದಿನದ ಕೊನೆಗೆ ಸೋಪು ಹಾಕಿ ಕುದಿಸಿ ಬಿಸಿಲಿಗೆ ಹಾಕುತ್ತೇವೆ.

ಮೂರನೆಯದು ತಟ್ಟೆ ತೊಳೆಯುವ ತೊಟ್ಟಿ. ಮೂರು ಬೇಕು: ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬರಿ ನೀರು, ಮೂರನೆಯದರಲ್ಲಿ ಕ್ಲೋರಿನ್. 20 ಲೀಟರ್ ನೀರಿಗೆ ಐದು ಪರ್ಸೆಂಟಿನ ದ್ರಾವಣ 40 ಮಿಲಿ, ತಟ್ಟೆ ಒಂದು ನಿಮಿಷ ಮುಳುಗಬೇಕು. ಮೊದಲೆರಡು ತೊಟ್ಟಿಯಲ್ಲಿ ಎಂಜಲು, ಸೋಪು ಪೂರ್ತಿ ಹೋಗದಿದ್ದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗುತ್ತದೆ, ಹಾಗಾಗಿ ನೂರು ತಟ್ಟೆಗೊಮ್ಮೆ ನೀರು ಬದಲಿಸಬೇಕು. ಆಮೇಲೆ ಒರೆಸದೆ, ಸ್ಟ್ಯಾಂಡಿನಲ್ಲಿ ಓರೆಯಾಗಿಟ್ಟು ಗಾಳಿಗೆ ಒಣಗಿಸುವುದು. ಬೋರ್ ನೀರಿನ ಗಡಸಿಗೆ ಸ್ಟೀಲ್ ತಟ್ಟೆ ಬೆಳ್ಳಗೆ ಮಂಕಾಗುತ್ತದೆ, ಅದು ಕೊಳೆಯಲ್ಲ. ಅದನ್ನು ತೆಗೆಯಲು ವಾರಕ್ಕೊಮ್ಮೆ ಹುಣಸೆನೀರು ಹಚ್ಚಿದರೆ ಸಾಕು. ಆಸಿಡ್ಡನ್ನೂ ಕ್ಲೋರಿನ್ನನ್ನೂ ಎಂದೂ ಒಟ್ಟಿಗೆ ಬಳಸಬಾರದು, ಹೊರಬರುವ ಗಾಳಿ ವಿಷ.

ನೀರಿನ ಬಗ್ಗೆ ನಿಮ್ಮಿಂದ ಒಂದು ಖಾತರಿ ಬೇಕು. ಕಾವೇರಿ ನೀರು, ಬೋರ್, ಟ್ಯಾಂಕರ್ ಎಲ್ಲ ಒಂದೇ ಸಂಪಿಗೆ ಬೀಳುತ್ತಿದ್ದರೆ ನಾವು ಎಷ್ಟು ತೊಳೆದರೂ ದಂಡ. ಅಡುಗೆಗೆ ಬೇರೆ ಟ್ಯಾಂಕು, ಮೂರು ತಿಂಗಳಿಗೊಮ್ಮೆ ಅದರ ಶುಚಿ, ದಿನಾ ಬೆಳಿಗ್ಗೆ ನಲ್ಲಿಯಲ್ಲಿ ಕ್ಲೋರಿನ್ ಉಳಿಕೆ ಲೀಟರಿಗೆ 0.2 ಮಿಲಿಗ್ರಾಂ ಇದೆಯೇ ಎಂಬ ಪರೀಕ್ಷೆ. ಕಿಟ್ ನಮ್ಮದು. ಹನಿ ಹಾಕಿದರೆ ನೀರು ತಿಳಿ ಹಳದಿಯಾಗಬೇಕು. ಬಣ್ಣ ಬರದಿದ್ದರೆ ಅಂದು ಕುಡಿಯಲು ಕೊಡುವ ನೀರು ಕುದಿಸಿದ್ದು.

ದರ ಮತ್ತು ಆ ಖಾಲಿ ಬಿಟ್ಟ ಕಲಂ

ಬೆಳಗಿನ ತಿಂಡಿ ₹25, ಊಟ ₹40. ಎಲ್ಲ ದಿನವೂ ಒಂದೇ ದರ. ಮೇಲಿನ ಬಿಸಿಬೇಳೆಭಾತಿನ ಲೆಕ್ಕ ಬಿಡಿಸಿಡುತ್ತೇವೆ. ವಾರದ ಸರಾಸರಿಗೆ ಅದು ಹತ್ತಿರವಿದೆ. ಅಕ್ಕಿ ಕೆಜಿಗೆ ₹60, ತೊಗರಿಬೇಳೆ ₹130, ತರಕಾರಿ ₹50, ಎಣ್ಣೆ ₹150, ತುಪ್ಪ ₹650, ಪುಡಿ ₹400 ಎಂದು ಹಿಡಿದು, ಹುಣಸೆ, ಬೆಲ್ಲ, ಉಪ್ಪು, ಒಗ್ಗರಣೆ ಸಾಮಾನು, ಮೊಸರುಬಜ್ಜಿ ಎಲ್ಲ ಸೇರಿ 300 ಪ್ಲೇಟಿಗೆ ₹5,486. ಪ್ಲೇಟಿಗೆ ಸುಮಾರು ₹18.30. ಗ್ಯಾಸು ₹1.25. ಸಾಮಾನು ಕೆಟ್ಟದ್ದು, ಉಳಿದದ್ದು 55 ಪೈಸೆ. ಸೋಪು, ಕ್ಲೋರಿನ್, ರಿಪೇರಿ, ಪರೀಕ್ಷೆ, ಪರವಾನಗಿ ₹1.50.

ಇನ್ನು ಜನ. ಒಬ್ಬ ಮುಖ್ಯ ಅಡುಗೆಯವರು, ಇಬ್ಬರು ಸಹಾಯಕರು, ಬಡಿಸಲು ತೊಳೆಯಲು ಮೂವರು. ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ ₹1,45,000. ತಿಂಗಳ 22 ದಿನಕ್ಕೆ ತಿಂಡಿಯ ಪ್ಲೇಟಿನ ಮೇಲೆ ₹9, ಊಟದ ಮೇಲೆ ₹14.50 ಬೀಳುತ್ತದೆ. ಅಲ್ಲಿಗೆ ಊಟದ ಖರ್ಚು ₹36.10, ಉಳಿಯುವುದು ₹3.90. ಇದೇ ರೀತಿ ಇಡ್ಲಿಯಲ್ಲಿ ಉಳಿಯುವುದು ₹3.70ರಷ್ಟು. ತಿಂಗಳಿಗೆ ಸುಮಾರು ₹46,000. ಆದರೆ ಶಾಲೆ ನಡೆಯುವುದು ಹತ್ತು ತಿಂಗಳು, ಸಂಬಳ ಕೊಡಬೇಕಾದದ್ದು ಹನ್ನೆರಡು. ಬೇಸಿಗೆ ರಜೆಯ ಎರಡು ತಿಂಗಳ ₹2,90,000 ಕಳೆದರೆ ವರ್ಷಕ್ಕೆ ನಮ್ಮ ಕೈಗೆ ಒಂದೂಮುಕ್ಕಾಲು ಲಕ್ಷದ ಒಳಗೆ. ರಜೆಯಲ್ಲಿ ಜನರನ್ನು ಬಿಟ್ಟು ಜೂನಿನಲ್ಲಿ ಹೊಸಬರನ್ನು ಹಿಡಿದು ತರಬಹುದು, ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಹೊಸಬರಿಗೆ ಥರ್ಮಾಮೀಟರ್ ಹಿಡಿಯಲು ಕಲಿಸುವ ಹೊತ್ತಿಗೆ ದಸರಾ ಬಂದಿರುತ್ತದೆ.

ಈಗ ಬಾಡಿಗೆ. ತಿಂಗಳಿಗೆ ₹60,000 ಕೊಡುತ್ತೇನೆ ಎಂದು ಯಾರೋ ಬರೆದಿರುತ್ತಾರೆ ಎಂದುಕೊಳ್ಳಿ. ತಿಂಗಳಿಗೆ 12,100 ಪ್ಲೇಟು. ಪ್ಲೇಟಿಗೆ ₹4.96 ಆಯಿತು. ನಮ್ಮ ಲೆಕ್ಕದಲ್ಲಿ ಉಳಿಯುವುದಕ್ಕಿಂತ ಹೆಚ್ಚು. ಇದೇ ದರಕ್ಕೆ ಅವರು ಆ ಐದು ರೂಪಾಯಿಯನ್ನು ತಟ್ಟೆಯಿಂದಲೇ ತೆಗೆಯಬೇಕು: 6 ಕೆಜಿ ಬೇಳೆ 3 ಕೆಜಿಯಾಗುತ್ತದೆ, ತುಪ್ಪದ ಜಾಗಕ್ಕೆ ವನಸ್ಪತಿ ಬರುತ್ತದೆ, ಆರು ಜನರ ಕೆಲಸ ನಾಲ್ವರ ಮೇಲೆ ಬೀಳುತ್ತದೆ. ನಾಲ್ವರಿಂದ 12.40ಕ್ಕೆ ಬಿಸಿ ಊಟ ಆಗುವುದಿಲ್ಲವಾದ್ದರಿಂದ ಅನ್ನ ಮತ್ತೆ ಬೆಳಗಿನ ಏಳಕ್ಕೆ ಹೋಗುತ್ತದೆ. ಉಳಿದ ಖೋತಾ ತುಂಬಲು ಕಿಟಕಿಯಲ್ಲಿ ಚಿಪ್ಸ್ ಪೊಟ್ಟಣ ತೂಗುತ್ತದೆ, ಯಾಕೆಂದರೆ ಅದಕ್ಕೆ ಅಡುಗೆಯವರೇ ಬೇಡ. ಆದ್ದರಿಂದ ನಾವು ಬಾಡಿಗೆ ಕೊಡುವುದಿಲ್ಲ. ಕರೆಂಟಿಗೂ ನೀರಿಗೂ ಬೇರೆ ಮೀಟರ್ ಹಾಕಿಸಿ. ಮೀಟರ್ ತೋರಿಸಿದಷ್ಟನ್ನು, ಮೇಲಿನ ₹1.50ರಲ್ಲೇ ಹೊಂದಿಸಿ ಕಟ್ಟುತ್ತೇವೆ. ಪ್ರತಿ ತಿಂಗಳ ಖರೀದಿ ಬಿಲ್ಲುಗಳ ಪ್ರತಿ ನೋಟಿಸ್ ಬೋರ್ಡಿನಲ್ಲಿರುತ್ತದೆ. ದರ ಬದಲಾಗುವುದು ಜೂನಿನಲ್ಲಿ ಮಾತ್ರ, ಅದೂ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸು, ಸಂಬಳ ಐದರ ಒಟ್ಟು ಖರ್ಚು ಹತ್ತು ಪರ್ಸೆಂಟ್ ಮೇಲೋ ಕೆಳಗೋ ಹೋಗಿದ್ದರೆ. ಇಳಿದರೆ ಇಳಿಸುತ್ತೇವೆ.

ಕಿಟಕಿಯಲ್ಲಿ ಚಿಲ್ಲರೆ ವ್ಯವಹಾರ ಇರುವುದಿಲ್ಲ. ಒಬ್ಬರಿಗೆ ಚಿಲ್ಲರೆ ಕೊಡಲು ಇಪ್ಪತ್ತು ಸೆಕೆಂಡ್, ಟೋಕನ್ ತೆಗೆದುಕೊಂಡು ಪ್ಲೇಟು ಕೊಡಲು ಎಂಟು. ಮೂರು ಕಿಟಕಿಯಿದ್ದರೆ ಹನ್ನೆರಡು ನಿಮಿಷಕ್ಕೆ 270 ಪ್ಲೇಟು. ಚಿಲ್ಲರೆ ಶುರುವಾದರೆ ಅದರ ಅರ್ಧವೂ ಆಗದು. ಪಾಲಕರು ತಿಂಗಳ ಟೋಕನ್ ಪುಸ್ತಕ ಕೊಳ್ಳುತ್ತಾರೆ, ಬಾರದ ದಿನದ ಟೋಕನ್ ಮುಂದಿನ ತಿಂಗಳಿಗೂ ನಡೆಯುತ್ತದೆ. ಟೋಕನ್ ಮರೆತು ಬಂದ ಮಗುವಿಗೂ ತಟ್ಟೆ ಸಿಗುತ್ತದೆ, ಹೆಸರು ಬರೆದುಕೊಳ್ಳುತ್ತೇವೆ. ಕ್ಯೂನಲ್ಲಿ ನಿಂತ ಮಗುವನ್ನು ದುಡ್ಡಿಗಾಗಿ ಹಿಂದಕ್ಕೆ ಕಳಿಸುವುದಿಲ್ಲ. ತಟ್ಟೆ ಲೋಟ ಎಲ್ಲ ಸ್ಟೀಲ್. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕರ್ನಾಟಕದಲ್ಲಿ 2016ರಿಂದಲೇ ನಿಷಿದ್ಧ.

ನಿಮ್ಮಿಂದ ಬೇಕಾದ್ದು ಮೂರು ಕಿಟಕಿ, ಮೂರು ತೊಟ್ಟಿ, ಎಣ್ಣೆಜಿಡ್ಡು ತಡೆಯುವ ಚೇಂಬರ್, ಮತ್ತು ಸಿಲಿಂಡರುಗಳಿಗೆ ಕಟ್ಟಡದ ಹೊರಗೆ ಜಾಲರಿಯ ಗೂಡು. ಈಗ ತೋರಿಸಿರುವ ನೆಲಮಾಳಿಗೆಯ ಕೋಣೆ ಆಗುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಾಳಿಗೆಯಲ್ಲಿ ತಳದಲ್ಲೇ ನಿಲ್ಲುತ್ತದೆ, ಎತ್ತರದ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ಆಟದ ಮೈದಾನದ ಪಕ್ಕದ ಹಳೆಯ ಸೈಕಲ್ ಶೆಡ್ ಇದಕ್ಕೆ ಸರಿಹೋಗುತ್ತದೆ.

ಮೊದಲು ಮೂರು ತಿಂಗಳ ಕರಾರು ಮಾಡಿಕೊಳ್ಳೋಣ. ಆರಿಸಿ ಕಲಸುವ ಚಿತ್ರಾನ್ನದಂಥದ್ದನ್ನು ಬಿಟ್ಟು, ಪುಸ್ತಕದಲ್ಲಿ 60 ಡಿಗ್ರಿಗಿಂತ ಕಡಿಮೆ ಬರೆದ ಬಿಸಿ ಊಟ ಬಡಿಸಿದ್ದು ಒಂದು ಸಲ ಸಿಕ್ಕರೂ, ಅಂಕಿಯನ್ನು ನಾವು ತಿದ್ದಿದ್ದು ಸಿಕ್ಕರೂ, ನೋಟಿಸ್ ಇಲ್ಲದೆ ಕರಾರು ರದ್ದು ಮಾಡಬಹುದು ಎಂದು ಬರೆದುಕೊಡುತ್ತೇವೆ. ಒಪ್ಪಿಗೆಯಿದ್ದರೆ ಸಂಪು, ಚರಂಡಿ, ಶೆಡ್ ಮೂರನ್ನೂ ನೋಡಲು ಶಾಲೆ ನಡೆಯುತ್ತಿರುವ ಒಂದು ದಿನ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಸಮಯ ಕೊಡಿ. ಭಾನುವಾರ ಬೇಡ, ನೀರಿನ ಒತ್ತಡ, ಚರಂಡಿ ಕಟ್ಟುವುದು, ಮಕ್ಕಳ ಕ್ಯೂ ಎಲ್ಲಿಗೆ ಮುಟ್ಟುತ್ತದೆ ಎಂಬುದು ರಜೆಯ ದಿನ ಕಾಣುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಕ್ಯಾಂಟೀನ್ ಅಡುಗೆ ತಂಡದವರು
ಬೆಂಗಳೂರು